ಕೈಗೊಳ್ಳುವವರು ಯಾರು

ಡ್ರೈಯರ್ ಕೋಣೆಯ ಗೋಡೆಗೆ ಒಂದು ತಗಡಿನ ಹಲಗೆ ಹೊಡೆದಿದ್ದರು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ. ಬರೆದವನು ತಿಪಟೂರಿನ ಬೋರ್ಡ್ ಬರೆಯುವ ಪೇಂಟರ್. ಬರೆಸಿದ ವಾಕ್ಯ ನನ್ನದು. ಆ ವಾಕ್ಯ ಈಗಲೂ ಬಾಯಿಪಾಠವಿದೆ. ಮರೆಯಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಹೋಗದೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕೊಬ್ಬರಿ ನಾರಿನಂತೆ ಕೂತಿದೆ.

"ಉತ್ಪನ್ನದ ತೇವಾಂಶದ ವಿಶ್ಲೇಷಣೆಯನ್ನು ಕೈಗೊಂಡ ನಂತರವೇ ಪ್ಯಾಕಿಂಗ್ ಕುರಿತ ನಿರ್ಧಾರವನ್ನು ತೆಗೆದುಕೊಳ್ಳತಕ್ಕದ್ದು."

ಕಿಬ್ಬನಹಳ್ಳಿಯಿಂದ ಸ್ವಲ್ಪ ದೂರದಲ್ಲಿದ್ದ ಕೊಬ್ಬರಿ ಪುಡಿ ಕಾರ್ಖಾನೆ ಅದು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಾನು ತಿಪಟೂರಿನಲ್ಲಿ ಬಿ.ಎ. ಮುಗಿಸಿ, ಎರಡು ತಿಂಗಳು ಮನೆಯಲ್ಲಿ ಎಲ್ಲರೊಂದಿಗೂ ಜಗಳವಾಡಿ, ಕೊನೆಗೆ ಆ ಕಾರ್ಖಾನೆಯ ಆಫೀಸಿಗೆ ಸೇರಿದ್ದೆ. ಕೆಲಸದ ಹೆಸರು ಕಚೇರಿ ಸಹಾಯಕಿ. ಮಾಡುತ್ತಿದ್ದದ್ದು ಪತ್ರ ಬರೆಯುವುದು, ಟೈಪ್ ಮಾಡುವುದು, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವುದು. ಮ್ಯಾನೇಜರು ನನ್ನನ್ನು ಆರಿಸಿದ್ದಕ್ಕೆ ಒಂದೇ ಕಾರಣ, ಅರ್ಜಿಯ ಜೊತೆ ಪಿನ್ ಹೊಡೆದಿದ್ದ ಚರ್ಚಾಸ್ಪರ್ಧೆಯ ಸರ್ಟಿಫಿಕೇಟುಗಳ ಕಟ್ಟು.

"ಮಾತಾಡೋಕೆ ಬರುತ್ತಲ್ಲಮ್ಮ, ಬರೆಯೋಕೂ ಬರುತ್ತೆ" ಅಂದಿದ್ದರು.

ಬರುತ್ತಿತ್ತು. ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತಿತ್ತು. ಕಾಲೇಜಿನ ವೇದಿಕೆಯಲ್ಲಿ ನಾನು ಕಲಿತ ವಿದ್ಯೆ ಏನೆಂದರೆ, ಎದುರಾಳಿಗೆ ಹಿಡಿಯಲು ಕೈ ಸಿಗಬಾರದು. "ಸರ್ಕಾರ ಶಾಲೆ ಮುಚ್ಚಿತು" ಎಂದರೆ ಅವನು ಎದ್ದು ನಿಂತು "ಯಾವ ಸರ್ಕಾರ, ಯಾವ ಶಾಲೆ, ಯಾವತ್ತು?" ಎಂದು ಕೇಳುತ್ತಾನೆ. "ಶಿಕ್ಷಣ ವ್ಯವಸ್ಥೆಯ ನಿರ್ವಹಣೆಯಲ್ಲಿ ವೈಫಲ್ಯ ಎದ್ದು ಕಾಣುತ್ತಿದೆ" ಎಂದರೆ ಏನು ಕೇಳುತ್ತಾನೆ ಪಾಪ? ಸಭೆ ಚಪ್ಪಾಳೆ ತಟ್ಟುತ್ತದೆ. ತೀರ್ಪುಗಾರರು ತಲೆಯಾಡಿಸುತ್ತಾರೆ. ನನಗೆ ಆ ವಯಸ್ಸಿನಲ್ಲಿ ದೇವರ ಮೇಲೆ, ಜಾತಕದ ಮೇಲೆ, ದೊಡ್ಡವರ ಮಾತಿನ ಮೇಲೆ, ಯಾವುದರ ಮೇಲೂ ನಂಬಿಕೆ ಇರಲಿಲ್ಲ. ನನ್ನ ವಾಕ್ಯಗಳ ಮೇಲೆ ಮಾತ್ರ ಇತ್ತು. ಅವುಗಳನ್ನೊಮ್ಮೆ ಅನುಮಾನಿಸಿ ನೋಡಬೇಕೆಂದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಕಾರ್ಖಾನೆಗೆ ಆಗ ವಿದೇಶಿ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿದಿತ್ತು. ಬೆಂಗಳೂರಿನಿಂದ ಒಬ್ಬ ಸಲಹೆಗಾರ ಬಂದು, ಮೂರು ದಿನ ಇದ್ದು, ಇಟ್ಟಿಗೆ ದಪ್ಪದ ಇಂಗ್ಲಿಷ್ ಕೈಪಿಡಿ ಬಿಟ್ಟುಹೋಗಿದ್ದ. ಅದರಲ್ಲಿ ಯಾರೂ ಏನನ್ನೂ ಮಾಡುತ್ತಿರಲಿಲ್ಲ. ತೂಗುವುದಿಲ್ಲ, 'ಕಂಡಕ್ಟ್ ಅನಾಲಿಸಿಸ್'. ಹೂಂ ಅಥವಾ ಉಹೂಂ ಅನ್ನುವುದಿಲ್ಲ, 'ಮೇಕ್ ಎ ಡಿಸಿಷನ್'. ಗುಡಿಸುವುದಿಲ್ಲ, ತೊಳೆಯುವುದಿಲ್ಲ, 'ಕ್ಯಾರಿ ಔಟ್ ಕ್ಲೀನಿಂಗ್ ಆಪರೇಷನ್ಸ್'. ಕೆಲಸಗಾರರಿಗೆ ಅರ್ಥವಾಗುವ ಹಾಗೆ ಇದನ್ನು ಕನ್ನಡ ಮಾಡಿ ಹಲಗೆ ಬರೆಸಬೇಕು ಎಂದು ಮ್ಯಾನೇಜರು ಹೇಳಿದರು. ನಾನು ಮಾಡಿದೆ. ಇಂಗ್ಲಿಷಿನಲ್ಲಿ ಇದ್ದಷ್ಟೂ ಊತವನ್ನು ಕನ್ನಡಕ್ಕೆ ತಂದು, ಮೇಲೆ ನನ್ನದೊಂದಿಷ್ಟು ಸೇರಿಸಿದೆ. ತೊಳೆಯುವ ತೊಟ್ಟಿಯ ಹತ್ತಿರ "ಶುಚಿತ್ವ ಪ್ರಕ್ರಿಯೆಯನ್ನು ಕಾಲಕಾಲಕ್ಕೆ ನೆರವೇರಿಸತಕ್ಕದ್ದು." ಸಿಪ್ಪೆ ಹೆರೆಯುವ ಹೆಂಗಸರು ಕೂರುವ ಕಡೆ "ಕಂದು ಪದರದ ನಿವಾರಣೆಯಲ್ಲಿ ಏಕರೂಪತೆಯನ್ನು ಕಾಯ್ದುಕೊಳ್ಳತಕ್ಕದ್ದು." ಆ ಹೆಂಗಸರು ಹುಟ್ಟಿದಾಗಿನಿಂದ ತೆಂಗಿನಕಾಯಿ ಮುಟ್ಟಿದವರು. ಕಾಯಿಯ ಬೆನ್ನಿನ ಕಂದು ಸಿಪ್ಪೆಯನ್ನು ಬಿಳಿ ತಿರುಳಿಗೆ ಗಾಯವಾಗದ ಹಾಗೆ ತೆಗೆಯುವುದು ಅವರ ಬೆರಳಿಗೆ ಗೊತ್ತಿತ್ತು. ಹಲಗೆ ನೋಡಿ ಒಬ್ಬಾಕೆ "ಏನಂತವ್ವಾ ಅದು?" ಅಂತ ಕೇಳಿದಾಗ ನಾನು "ಸಿಪ್ಪೆ ಒಂದೇ ಸಮ ತೆಗೀರಿ ಅಂತ" ಅಂದೆ. "ಅಷ್ಟೇಯಾ? ಅದಕ್ಕೆ ಇಷ್ಟುದ್ದ ಬೇಕಾ?" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅಲ್ಲೇ ನನಗೆ ಬುದ್ಧಿ ಬರಬೇಕಿತ್ತು.

ಡ್ರೈಯರ್ ನೋಡಿಕೊಳ್ಳುತ್ತಿದ್ದವರು ಹುಳಿಯಾರಿನ ಕಡೆಯ ಒಂದು ಹಟ್ಟಿಯವರು. ನಡುವಯಸ್ಸು. ಅವರ ಮನೆಯವರೆಲ್ಲ ಇನ್ನೂ ಕುರಿ ಸಾಕುತ್ತಿದ್ದರು, ಇವರೊಬ್ಬರು ಕಾರ್ಖಾನೆಗೆ ಬಂದಿದ್ದರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದರು, ಕನ್ನಡವನ್ನು ಬೆರಳಿಟ್ಟುಕೊಂಡು ಓದುತ್ತಿದ್ದರು. ತುರಿದು ಹಬೆಯಲ್ಲಿ ಬೇಯಿಸಿದ ಕಾಯಿ ಬಿಸಿಗಾಳಿಯಲ್ಲಿ ಒಣಗಿ ಪುಡಿಯಾಗಿ ಹೊರಬರುವ ಬಾಯಿಯ ಹತ್ತಿರ ಅವರ ಜಾಗ. ಅವರದ್ದೊಂದು ಪದ್ಧತಿ ಇತ್ತು. ಬಿದ್ದ ಪುಡಿಯಲ್ಲಿ ಒಂದು ಹಿಡಿ ತೆಗೆದುಕೊಂಡು, ಅದು ತಣ್ಣಗಾಗುವವರೆಗೆ ಅಂಗೈಯಲ್ಲಿ ಆಡಿಸಿ, ಆಮೇಲೆ ಗಟ್ಟಿಯಾಗಿ ಮುಷ್ಟಿ ಕಟ್ಟಿ, ಬಿಚ್ಚುತ್ತಿದ್ದರು. ಪುಡಿ ಬೆರಳ ಸಂದಿಯಿಂದ ಉದುರಿದರೆ ಸರಿ. ಉಂಡೆಯಾಗಿ ಕೂತರೆ ಹಸಿ. ಹಸಿಯಿದ್ದರೆ ಮತ್ತೆ ಒಳಗೆ ಹಾಕುತ್ತಿದ್ದರು. ಹಸಿ ಪುಡಿಯನ್ನು, ಅಥವಾ ಬಿಸಿ ಆರದ ಪುಡಿಯನ್ನು ಚೀಲಕ್ಕೆ ತುಂಬಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಬೆವರು ಕಟ್ಟಿ, ಸ್ವಲ್ಪ ದಿನದಲ್ಲೇ ಹಳದಿಗೆ ತಿರುಗಿ, ತಿಂದರೆ ಸೋಪು ತಿಂದ ಹಾಗಾಗುತ್ತದೆ.

ಹಲಗೆ ಹೊಡೆದ ದಿನ ಅವರು ಅದರ ಮುಂದೆ ನಿಂತು, ಬೆರಳಾಡಿಸಿ, ಪೂರ್ತಿ ಓದಿದರು. ನಾನು ಹಾದುಹೋಗುತ್ತಿದ್ದೆ.

"ಕೈಗೊಂಡ ನಂತರ ಅಂತ ಐತಲ್ಲವ್ವ. ಕೈಗೊಳ್ಳೋರು ಯಾರು?"

"ಯಾರು ಸಂಬಂಧಪಟ್ಟೋರೋ ಅವರು."

"ಅಂದ್ರೆ ನಾನಾ, ಸೂಪರ್‌ವೈಸರಾ?"

"ಅಣ್ಣ, ಅದು ನಿಯಮ. ನಿಯಮದಲ್ಲಿ ಹಂಗೆಲ್ಲ ನೀನು ತಾನು ಅಂತ ಬರಿಯಲ್ಲ."

ಅವರು ತಲೆ ಕೆರೆದುಕೊಂಡರು. "ಕುರಿ ಕಾಯೋ ಕೆಲಸವನ್ನು ಕೈಗೊಳ್ಳತಕ್ಕದ್ದು ಅಂತ ಹಟ್ಟಿ ಬಾಗಲಿಗೆ ಬರೆದು ಎಲ್ರೂ ಮನಿಕೊಂಡ್ರೆ, ಕುರಿ ಏನಾಗ್ತದೆ?"

ಉತ್ತರವಿಲ್ಲದಾಗ ಚರ್ಚಾಪಟು ಮಾಡುವುದನ್ನೇ ಮಾಡಿದೆ. ನಕ್ಕು, ವಿಷಯ ಅದಲ್ಲ ಅಂದು, ಹೋಗಿಬಿಟ್ಟೆ.

ಆ ಕಾರ್ಖಾನೆಯಲ್ಲಿ ತೇವಾಂಶ ನೋಡುವ ನಿಜವಾದ ವಿಧಾನ ಇನ್ನೊಂದಿತ್ತು. ಆಫೀಸಿನ ಪಕ್ಕದ ಚಿಕ್ಕ ಲ್ಯಾಬಿನಲ್ಲಿ ಒಂದು ಸೂಕ್ಷ್ಮ ತಕ್ಕಡಿ, ಒಂದು ಒಲೆ. ಪುಡಿಯನ್ನು ತೂಗಿ, ಒಲೆಯಲ್ಲಿ ಕೆಲವು ಗಂಟೆ ಇಟ್ಟು, ತೆಗೆದು ಆರಿಸಿ, ಮತ್ತೆ ತೂಗಬೇಕು. ಎಷ್ಟು ತೂಕ ಇಳಿಯಿತೋ ಅಷ್ಟು ನೀರಿತ್ತು ಎಂದು ಲೆಕ್ಕ. ಲ್ಯಾಬಿನ ಬೀಗದ ಕೈ ಸೂಪರ್‌ವೈಸರ ಜೇಬಿನಲ್ಲಿ. ಅವರು ಚಿಕ್ಕನಾಯಕನಹಳ್ಳಿಯವರು, ಬಿ.ಎಸ್ಸಿ. ಓದಿದ್ದವರು, ಕೆಟ್ಟ ಮನುಷ್ಯರೇನಲ್ಲ. ಆದರೆ ಕೆಲವು ಗಂಟೆ ಕಾಯುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಹಾಗಾಗಿ ಒಂದು ಅಭ್ಯಾಸ ಬೆಳೆದಿತ್ತು. ವಾರದ ಮೊದಲ ದಿನ ಒಮ್ಮೆ ತೂಗುವುದು. ಉಳಿದ ದಿನಗಳಿಗೆ ಅದೇ ಅಂಕಿಯನ್ನು ಸ್ವಲ್ಪ ಆಚೀಚೆ ಮಾಡಿ ರಿಜಿಸ್ಟರಿನಲ್ಲಿ ಮುಂಚೆಯೇ ತುಂಬಿಬಿಡುವುದು. ಅದರ ಮೇಲೆ ಅಚ್ಚಾಗಿದ್ದ ತಲೆಬರಹವೂ ನನ್ನದೇ: "ವಿಶ್ಲೇಷಣೆ ಕೈಗೊಳ್ಳಲಾಗಿದೆ." ಎಲ್ಲ ಸಾಲಿನ ಮುಂದೆಯೂ ಹಸಿರು ಶಾಯಿಯ ಗುರುತು. ಯಾರು ಕೈಗೊಂಡರು ಎಂದು ಬರೆಯಲು ಕಾಲಮ್ಮೇ ಇರಲಿಲ್ಲ. ನಾನು ಇಟ್ಟಿರಲಿಲ್ಲ.

ಒಂದು ಲಾಟು ವಾಪಸ್ ಬಂತು.

ಬಿಸ್ಕತ್ ಮಾಡುವ ಕಂಪನಿಯೊಂದು ಇಡೀ ಲಾರಿಯನ್ನು ತಿರುಗಿಸಿ ಕಳಿಸಿತ್ತು. ಚೀಲ ಬಿಚ್ಚಿದರೆ ಹಳದಿ ಗಡ್ಡೆಗಳು. ವಾಸನೆ ಅಂಗಳದವರೆಗೂ ಬಂತು. ಜೊತೆಗೊಂದು ಪತ್ರ: ಕಾರಣ ತಿಳಿಸಿ, ಏನು ಕ್ರಮ ಕೈಗೊಂಡಿರಿ ಎಂದು ತಿಳಿಸಿ. ಮ್ಯಾನೇಜರು ನನ್ನನ್ನೂ ಸೂಪರ್‌ವೈಸರನ್ನೂ ಕರೆದರು.

"ಒಬ್ಬನ್ನ ತೆಗೆದ್ವಿ ಅಂತ ತೋರಿಸಿದ್ರೆ ಅವರು ಸುಮ್ನಾಗ್ತಾರೆ" ಅಂದರು ಮ್ಯಾನೇಜರು. "ಡ್ರೈಯರ್‌ನವನು ತಪ್ಪೊಪ್ಪಿಗೆ ಬರೆದುಕೊಡ್ಲಿ. ನೀನು ಬರೆದುಕೊಡಮ್ಮ, ಅವನು ಸೈನ್ ಹಾಕ್ತಾನೆ. ಗಟ್ಟಿಯಾಗಿರ್ಲಿ, ಆದ್ರೆ ಜಗಳಕ್ಕೆ ಎಡೆ ಇರಬಾರ್ದು."

ಸೂಪರ್‌ವೈಸರು ಕಿಟಕಿಯ ಕಡೆ ನೋಡುತ್ತಿದ್ದರು.

ತೆಗೆಯುವುದು ಎಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಆ ಕೆಲಸ ಬಿಟ್ಟರೆ ಮತ್ತೆ ಕುರಿಗಳ ಹಿಂದೆ ಹೋಗಬೇಕು. ಕುರಿಗಳೂ ಅಣ್ಣತಮ್ಮಂದಿರ ಪಾಲಿನವು, ಇವರ ಪಾಲಿನದು ಮಾರಿ ಆಗಿತ್ತು. ಹಟ್ಟಿಯಲ್ಲಿ ಸಂಬಳ ತರುವ ಒಬ್ಬನೇ ಗಂಡಸು ಎಂದು ಅವರೇ ಒಮ್ಮೆ ಹೇಳಿದ್ದರು. ಇದೆಲ್ಲ ಗೊತ್ತಿದ್ದೂ ನಾನು ಕೂತು ಬರೆದೆ. ಬರೆದ ಮೇಲೆ ಎರಡು ಸಲ ಓದಿಕೊಂಡೆ, ಇಷ್ಟವಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

"ಸದರಿ ಪಾಳಿಯಲ್ಲಿ ಉತ್ಪನ್ನದ ತೇವಾಂಶದ ವಿಶ್ಲೇಷಣೆಯ ನಿರ್ವಹಣೆಯಲ್ಲಿ ನನ್ನಿಂದ ಲೋಪ ಸಂಭವಿಸಿದ್ದು, ಪ್ಯಾಕಿಂಗ್ ಕುರಿತ ನಿರ್ಧಾರದಲ್ಲಿ ಉಂಟಾದ ದೋಷದಿಂದ ಗುಣಮಟ್ಟದ ಕುಸಿತ ಸಂಭವಿಸಿರುತ್ತದೆ. ಈ ಸಂಬಂಧ ಆಡಳಿತ ವರ್ಗವು ಕೈಗೊಳ್ಳುವ ಕ್ರಮಕ್ಕೆ ನನ್ನ ಸಮ್ಮತಿ ಇರುತ್ತದೆ."

ಟೀ ಹೊತ್ತಿಗೆ ಅದನ್ನು ಹಿಡಿದುಕೊಂಡು ಡ್ರೈಯರ್ ಕೋಣೆಗೆ ಹೋದೆ. ಯಂತ್ರ ನಿಲ್ಲಿಸಿದ್ದರು, ಆದರೂ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಅವರು ಖಾಲಿ ಚೀಲಗಳ ಅಟ್ಟಿಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನನಗೂ ಅರ್ಧ ಸುರಿದುಕೊಟ್ಟರು.

"ಓದು ನೋಡವ್ವ. ಕಣ್ಣಿಗೆ ಬೆವರಿಳಿದು ಅಕ್ಷರ ಕಾಣಾಕಿಲ್ಲ."

ಓದಿದೆ. ವೇದಿಕೆಯ ದನಿಯಲ್ಲೇ ಓದಿದೆ.

"ಚೆಂದಾಗೈತೆ" ಅಂದರು. "ಈಗ ಅದನ್ನ ಬಾಯಲ್ಲಿ ಹೇಳು."

"ಬಾಯಲ್ಲೇ ಹೇಳಿದ್ನಲ್ಲಣ್ಣ."

"ಹಂಗಲ್ಲ ಕಣವ್ವ. ನಿಮ್ಮವ್ವಂಗೆ ಹೇಳೋ ಹಂಗೆ ಹೇಳು. ನಾನು ಏನು ಮಾಡ್ದೆ ಅಂತ ಬರ್ದಿದೀಯ?"

ಹೇಳಲು ಬಾಯಿ ತೆರೆದೆ. ಮೂರು ವರ್ಷ ಮೈಕುಗಳ ಮುಂದೆ ತಡವರಿಸದವಳು ಟೀ ಲೋಟ ಹಿಡಿದು ತಡವರಿಸಿದೆ. 'ವಿಶ್ಲೇಷಣೆಯ ನಿರ್ವಹಣೆಯಲ್ಲಿ ಲೋಪ' ಎನ್ನುವುದನ್ನು ಅವ್ವನಿಗೆ ಹೇಳಬೇಕೆಂದರೆ ಮೊದಲು ವಿಶ್ಲೇಷಣೆಯನ್ನು ಬಿಚ್ಚಬೇಕು. ಬಿಚ್ಚಿದರೆ ಒಳಗಿರುವುದು ತೂಗುವುದು. ತೂಗಲಿಲ್ಲ ಎಂದು ಹೇಳಬೇಕು. ಹೇಳಿದ ಕೂಡಲೇ ಯಾರು ಎನ್ನುವುದು ಎದ್ದು ನಿಲ್ಲುತ್ತದೆ.

"ನೀವು... ಪುಡೀನ ತೂಗಿ ನೋಡ್ಲಿಲ್ಲ ಅಂತ" ಅಂದೆ.

"ಲ್ಯಾಬಿನ ತಕ್ಕಡೀಲಾ?"

"ಹೂಂ."

"ಬೀಗದ ಕೈ ನನ್ನ ತಾವ ಯಾವತ್ತಿತ್ತು?"

ಹಾಳೆಯಲ್ಲಿ ಮುಂದಿನ ಸಾಲು ಹುಡುಕಿದೆ.

"ಮುಂದಕ್ಕೆ ಹೇಳು."

"ಪ್ಯಾಕಿಂಗ್ ನಿರ್ಧಾರ... ಅಂದ್ರೆ, ತುಂಬಬಹುದು ಅಂತ ನೀವು ಹೇಳಿದ್ರಿ ಅಂತ."

ಅವರು ಲೋಟವನ್ನು ಕೆಳಗಿಟ್ಟರು. ಕೋಪವೇನೂ ಕಾಣಲಿಲ್ಲ, ಅಚ್ಚರಿ ಇತ್ತು. "ನಾನಾ? ಹಿಡಿ ಕಟ್ಟಿ ನೋಡಿದ್ದೆ ಕಣವ್ವ. ಉಂಡೆ ಉಂಡೆ ಕೂತಿತ್ತು. ಹಸಿ ಐತೆ ಸಾರ್, ಇನ್ನೊಂದು ಸಲ ಒಣಗಿಸಾನ ಅಂದೆ. ಲಾರಿ ಬಂದು ನಿಂತದೆ, ತುಂಬಯ್ಯ ಅಂದ್ರು ಸೂಪರ್‌ವೈಸರು. ತುಂಬ್ದೆ. ಬಿಸಿನೂ ಆರಿರ್ಲಿಲ್ಲ."

"ಕೊನೇದು ಏನು?" ಅಂತ ಅವರೇ ಕೇಳಿದರು. "ಸಮ್ಮತಿ ಅಂದ್ಯಲ್ಲ."

"ನಿಮ್ಮನ್ನ ಕೆಲಸದಿಂದ ತೆಗೀತಾರೆ. ನೀವು ಒಪ್ಪಿದೀರ ಅಂತ."

ಅವರು ಹಲಗೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಇಷ್ಟೆಲ್ಲ ಅದರೊಳಗಿತ್ತಾ?" ಅಂದರು. "ನೀ ಓದಿದಾಗ ಒಂದೂ ಕೇಳಿಸ್ಲಿಲ್ಲ."

ಬೈದಿದ್ದರೆ ವಾದ ಮಾಡುತ್ತಿದ್ದೆ. ಅವರು ಬೈಯಲಿಲ್ಲ. ನಾನು ಆ ಹಾಳೆಯನ್ನು ಮಡಚಿ, ಚೀಲದ ಮೇಲೆ ಕೂತು, ಪ್ಯಾಡ್ ತೆಗೆದೆ. "ಅಣ್ಣ, ಈಗ ಹೇಳಿದ್ರಲ್ಲ, ಅದನ್ನೇ ಇನ್ನೊಂದು ಸಲ ಹೇಳಿ. ಒಂದೊಂದೇ." ಅವರು ಹೇಳಿದರು, ನಾನು ಬರೆದೆ. ಒಂದು ಕಡೆ ಅಭ್ಯಾಸಬಲದಿಂದ "ಪರೀಕ್ಷೆ ನಡೆಸಿ" ಎಂದು ಬರೆದುಬಿಟ್ಟಿದ್ದೆ. ಓದಿ ಹೇಳಿದಾಗ ಅವರು "ನಡೆಸಾಕೆ ಅದೇನು ದನವಾ? ಹಿಡಿ ಕಟ್ಟಿದೆ ಅಂತ ಹಾಕು" ಅಂದರು. ಹೊಡೆದುಹಾಕಿ ಹಾಗೇ ಬರೆದೆ.

"ನಾನು ಪುಡಿಯನ್ನು ಹಿಡಿ ಕಟ್ಟಿ ನೋಡಿದೆ. ಹಸಿಯಿತ್ತು. ಇನ್ನೊಮ್ಮೆ ಒಣಗಿಸೋಣ ಎಂದು ಸೂಪರ್‌ವೈಸರಿಗೆ ಹೇಳಿದೆ. ಅವರು ತುಂಬು ಎಂದರು. ತುಂಬಿದೆ. ಆ ದಿನ ಪುಡಿಯನ್ನು ಯಾರೂ ಲ್ಯಾಬಿನಲ್ಲಿ ತೂಗಲಿಲ್ಲ."

ಅವರು ಕಣ್ಣಿನ ಬೆವರು ಒರೆಸಿಕೊಂಡು ಬೆರಳಿಟ್ಟು ಓದಿದರು. ಒಂದು ಕಡೆಯೂ ನಿಲ್ಲಲಿಲ್ಲ. ಸೈನ್ ಹಾಕಿದರು. ಹಾಕುವ ಮುಂಚೆ ಮಾತ್ರ ಒಮ್ಮೆ ಕೇಳಿದರು: "ಇದನ್ನ ಕೊಟ್ರೆ ನನ್ನ ಕೆಲಸ ಉಳೀತದಾ?"

"ಗೊತ್ತಿಲ್ಲಣ್ಣ."

"ಅದು ನಿಜ ಹೇಳ್ದೆ ಬುಡು."

ಮ್ಯಾನೇಜರ ಮೇಜಿನ ಮೇಲೆ ಎರಡೂ ಹಾಳೆ ಇಟ್ಟೆ. ಅವರು ಮೊದಲನೆಯದನ್ನು ಓದಿ ತಲೆಯಾಡಿಸಿದರು, ಎರಡನೆಯದನ್ನು ಓದಿ ಕನ್ನಡಕ ತೆಗೆದರು.

"ಇದೇನಮ್ಮ, ಸಂತೇಲಿ ಮಾತಾಡಿದ ಹಾಗಿದೆ. ಇದನ್ನ ಫೈಲಿಗೆ ಹಾಕೋಕಾಗುತ್ತಾ?" ಕೆಂಪು ಪೆನ್ನು ತೆಗೆದರು. 'ಹಿಡಿ ಕಟ್ಟಿ ನೋಡಿದೆ' ಹೊಡೆದು 'ಪ್ರಾಥಮಿಕ ಪರೀಕ್ಷೆ ನಡೆಸಲಾಯಿತು' ಎಂದು ಬರೆದರು. 'ಅವರು ತುಂಬು ಎಂದರು' ಹೊಡೆದು 'ಪ್ಯಾಕಿಂಗ್ ನಿರ್ಧಾರ ಕೈಗೊಳ್ಳಲಾಯಿತು' ಎಂದರು. 'ಯಾರೂ ತೂಗಲಿಲ್ಲ' ಎನ್ನುವ ಕಡೆ 'ವಿಶ್ಲೇಷಣೆ ಬಾಕಿ ಇತ್ತು'. ಅವರ ಕೈ ಎಷ್ಟು ಸಲೀಸಾಗಿ ಓಡುತ್ತಿತ್ತೆಂದರೆ, ನನ್ನ ಕೈಯನ್ನೇ ನೋಡಿದ ಹಾಗಾಯಿತು. ನಿಂತ ನೀರಿನ ಮೇಲೆ ಪಾಚಿ ಕಟ್ಟುವುದನ್ನು ನೋಡಿದರೆ ಹೀಗೇ ಅಸಹ್ಯವಾಗುತ್ತದೆ.

"ಸಾರ್" ಅಂದೆ. "ನೀವು ತಿದ್ದಿದ್ರಲ್ಲಿ ಸೂಪರ್‌ವೈಸರು ಎಲ್ಲೋದ್ರು?"

"ಹೆಸರು ಬೇಡ ಅಂತಾನೇ ತಿದ್ದಿದ್ದು."

"ಡ್ರೈಯರಣ್ಣನ ಹೆಸರು ಕೆಳಗಡೆ ಸೈನಲ್ಲಿ ಇದೆಯಲ್ಲ. ಕೆಲಸ ಮಾಡಿದೋರ ಹೆಸರೆಲ್ಲ ಮೇಲಿಂದ ಹೋದ್ರೆ ಉಳಿಯೋದು ಅದೊಂದೇ."

ಮ್ಯಾನೇಜರು ಪೆನ್ನು ಮುಚ್ಚಿದರು. "ಏನಮ್ಮ, ಇಲ್ಲೂ ಡಿಬೇಟಾ?"

"ಇಲ್ಲ ಸಾರ್. ಒಂದೇ ಪ್ರಶ್ನೆ. ಕೈಗೊಳ್ಳಲಾಯಿತು ಅಂತ ಬರೆದ್ರಲ್ಲ, ಕೈಗೊಂಡೋರು ಯಾರು? ಅದನ್ನ ಬರೆದುಬಿಡಿ, ನಾನೇ ಟೈಪ್ ಮಾಡ್ತೀನಿ."

ಇದು ನನ್ನ ಪ್ರಶ್ನೆಯಲ್ಲ, ಕದ್ದದ್ದು. ತಿಂಗಳುಗಳ ಹಿಂದೆ ಹಲಗೆಯ ಮುಂದೆ ನಿಂತು ಬೇರೆಯವರು ಕೇಳಿದ್ದು. ಆಗ ನಕ್ಕು ಹೋದದ್ದನ್ನು ಈಗ ನಾನು ಗಂಭೀರವಾಗಿ ಕೇಳುತ್ತಿದ್ದೆ.

ಮ್ಯಾನೇಜರು ಸೂಪರ್‌ವೈಸರನ್ನು ಕರೆಸಿದರು. ಹಾಳೆಯನ್ನು ಅವರ ಕಡೆ ತಳ್ಳಿದರು. "ನೋಡ್ರೀ, ನೀವು ತುಂಬು ಅಂದಿರಂತೆ."

ಸೂಪರ್‌ವೈಸರು ನಿಂತಲ್ಲೇ ಓದಿದರು. ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದನ್ನಲ್ಲ, ಕೆಳಗಿನ ಹೊಡೆದುಹಾಕಿದ್ದನ್ನೇ ಓದಿದರು. ಮುಖ ಬಿಗಿಯಿತು. ನನ್ನನ್ನು ಬೈಯುತ್ತಾರೆ ಎಂದುಕೊಂಡೆ.

"ಅಂದೆ ಸಾರ್" ಅಂದರು. "ಹಸಿ ಇದೆ ಅಂತ ಅವನು ಹೇಳಿದ್ದೂ ನಿಜ. ನಾನು ನಿಮಗೆ ಫೋನ್ ಮಾಡ್ದೆ. ಲಾರಿ ಇವತ್ತೇ ಹೋಗ್ಲಿ, ತುಂಬಿಸ್ರೀ ಅಂದ್ರಿ. ನೆನಪಿದೆಯಾ?"

ಹೊರಗೆ ಸಿಪ್ಪೆ ಹೆರೆಯುವವರ ಮಾತು, ನಗು ಕೇಳಿಸುತ್ತಿತ್ತು. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಯಲ್ಲಿ ಒಂದು ವಿಷಯ ನನಗೆ ಅರ್ಥವಾಯಿತು. ಇಬ್ಬರಿಗೂ ಮೊದಲ ದಿನದಿಂದ ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಗೊತ್ತಿಲ್ಲದ ಹಾಗೆ ಇರಲು ಅವರಿಗೆ ಒಂದು ಭಾಷೆ ಬೇಕಿತ್ತು. ಅದನ್ನು ಒದಗಿಸಿದವಳು ನಾನು, ಅಂದವಾಗಿ ಟೈಪ್ ಮಾಡಿ.

"ತಪ್ಪೊಪ್ಪಿಗೆ ಹರಿದುಹಾಕಿ" ಅಂದರು ಕೊನೆಗೆ ಮ್ಯಾನೇಜರು. "ಅವನು ಇರ್ಲಿ. ಬಿಸ್ಕತ್ತಿನೋರಿಗೆ ನಾನೇ ಬರೀತೀನಿ."

ಬರೆದರು. ಅದನ್ನು ಟೈಪ್ ಮಾಡಿದವಳೂ ನಾನೇ. "ಘಟನೆಯ ಸಮಗ್ರ ಪರಿಶೀಲನೆಯನ್ನು ಕೈಗೊಳ್ಳಲಾಗಿದ್ದು, ಪುನರಾವರ್ತನೆಯ ತಡೆಗಟ್ಟುವಿಕೆಗೆ ಸೂಕ್ತ ಕ್ರಮಗಳ ಅಳವಡಿಕೆಯನ್ನು ಮಾಡಲಾಗಿರುತ್ತದೆ." ಯಾರು ಏನು ಮಾಡಿದರು ಎಂದು ಅದರಲ್ಲಿ ಒಂದು ಅಕ್ಷರವಿರಲಿಲ್ಲ. ಬಿಸ್ಕತ್ ಕಂಪನಿಯಿಂದ ಉತ್ತರ ಬಂತು, ಅದೂ ಹಾಗೇ: ತಮ್ಮ ವಿವರಣೆಯ ಸ್ವೀಕಾರವನ್ನು ಮಾಡಲಾಗಿದೆ. ಎರಡು ಕಡೆಯವರೂ ಒಬ್ಬರಿಗೊಬ್ಬರು ಗಾಳಿ ಕಳಿಸಿ, ಗಾಳಿ ತಲುಪಿತೆಂದು ರಸೀತಿ ಕಳಿಸಿಕೊಂಡರು. ನಾನು ಅದನ್ನು ಪಂಚ್ ಮಾಡಿ ಫೈಲಿಗೆ ಹಾಕಿದೆ.

ಆದರೆ ಹಲಗೆ ಬದಲಿಸಲು ಕೇಳಿದೆ. ಮ್ಯಾನೇಜರು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಸೂಪರ್‌ವೈಸರೇ ಬೆಂಬಲಕ್ಕೆ ಬಂದರು, "ಹೆಸರು ಬೇಡ, ಕೆಲಸ ಬರಿ" ಎಂದು. ಡ್ರೈಯರ್ ಕೋಣೆಯಲ್ಲಿ ನಾನು, ಸೂಪರ್‌ವೈಸರು, ಡ್ರೈಯರಣ್ಣ ಮೂವರೂ ನಿಂತು ಬರೆದೆವು. ನಾನು ಒಂದೊಂದು ಮಾತನ್ನೂ ಹೇಳುವುದು, ಅವರಿಬ್ಬರು ಅದನ್ನು ಮಾಡಿ ತೋರಿಸುವುದು. ಮಾಡಿ ತೋರಿಸಲಾಗದ್ದನ್ನು ಬಿಟ್ಟುಬಿಡುವುದು. 'ನಿಗಾ ವಹಿಸುವುದು' ಎಂದೆ. "ಹೆಂಗೆ ವಹಿಸ್ತಾರೆ, ತೋರ್ಸು" ಅಂದರು ಡ್ರೈಯರಣ್ಣ. ತೋರಿಸಲಾಗಲಿಲ್ಲ. ಬಿಟ್ಟೆವು. 'ಖಚಿತಪಡಿಸಿಕೊಳ್ಳುವುದು' ಎಂದೆ. ಅವರು ಹಿಡಿ ಕಟ್ಟಿ ಬಿಚ್ಚಿದರು. "ಇದೇ ತಾನೇ? ಹಂಗೇ ಬರಿ."

ತಿಪಟೂರಿನ ಪೇಂಟರ್ ಮತ್ತೆ ಬಂದ. "ಇಷ್ಟೇನಾ? ಹೋದ ಸಲ ಚೆನ್ನಾಗಿತ್ತು" ಅಂದ. ಹೊಸ ಹಲಗೆ ಹೀಗಿತ್ತು:

"ಡ್ರೈಯರ್‌ನವರು ಹಿಡಿ ಕಟ್ಟಿ ನೋಡಬೇಕು. ಉಂಡೆಯಾದರೆ ಮತ್ತೆ ಒಣಗಿಸಬೇಕು. ಆರಿದ ಮೇಲೆ ಸೂಪರ್‌ವೈಸರು ಲ್ಯಾಬಿನಲ್ಲಿ ತೂಗಬೇಕು. ಇಬ್ಬರೂ ಹೂಂ ಎಂದ ಮೇಲೆ ತುಂಬಬೇಕು."

ರಿಜಿಸ್ಟರಿನಲ್ಲೂ "ತೂಗಿದವರು" ಎಂದು ಒಂದು ಕಾಲಮ್ ಗೀಟು ಹಾಕಿದೆ. ಆ ಕಾಲಮ್ಮಿನಲ್ಲಿ ಸೈನ್ ಹಾಕಬೇಕೆಂದಾಗ ವಾರದ ಉಳಿದ ದಿನಗಳನ್ನು ಮುಂಚೆಯೇ ತುಂಬಲು ಸೂಪರ್‌ವೈಸರ ಕೈ ಬರಲಿಲ್ಲ. ಎರಡು ದಿನ ಗೊಣಗಿದರು. ಮೂರನೇ ದಿನದಿಂದ ಒಲೆ ಹಚ್ಚಿದರು.

ಸರ್ಟಿಫಿಕೇಟಿನ ತಪಾಸಣೆಗೆ ಬಂದ ಸಾಹೇಬರು ಸಲಹೆಗಾರನ ಜೊತೆ ಡ್ರೈಯರ್ ಕೋಣೆಗೆ ಬಂದಾಗ ನಾನು ಅವರ ಹಿಂದೆ ಪ್ಯಾಡ್ ಹಿಡಿದು ನಿಂತಿದ್ದೆ. ಸಲಹೆಗಾರ ಹಲಗೆ ನೋಡಿ ನನ್ನ ಕಿವಿಯಲ್ಲಿ "ಇದು ಪ್ರೊಫೆಷನಲ್ ಆಗಿಲ್ಲ" ಎಂದ. ಸಾಹೇಬರು ಡ್ರೈಯರಣ್ಣನನ್ನು ಕೇಳಿದರು, ತೇವಾಂಶ ಹೇಗೆ ನೋಡ್ತೀರಿ ಅಂತ. ಅವರು ಬಾಯಲ್ಲಿ ಏನೂ ಹೇಳದೆ ಹಿಡಿ ಕಟ್ಟಿ ಬಿಚ್ಚಿ ತೋರಿಸಿದರು. ಸಾಹೇಬರು ಮೆಚ್ಚಿ ಬರೆದುಕೊಂಡರು. ಅವರು ಕೊಟ್ಟ ವರದಿಯನ್ನು ಆಮೇಲೆ ಕನ್ನಡ ಮಾಡಿದೆ: ತೇವಾಂಶ ವಿಶ್ಲೇಷಣೆಯ ನಿರ್ವಹಣೆ ತೃಪ್ತಿಕರವಾಗಿ ನಡೆಯುತ್ತಿರುವುದು ಕಂಡುಬಂದಿದೆ. ಕಣ್ಣೆದುರು ಒಬ್ಬ ಮನುಷ್ಯ ಮುಷ್ಟಿ ಕಟ್ಟಿ ತೋರಿಸಿದರೂ ಅದು ಕಾಗದಕ್ಕಿಳಿಯುವಾಗ ಮನುಷ್ಯನೂ ಇಲ್ಲ, ಮುಷ್ಟಿಯೂ ಇಲ್ಲ. ಆ ಹಾಳೆಯನ್ನು ಚೌಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದರು.

ಹಬ್ಬದ ಮುಂಚೆ ಒಂದು ದಿನ ಲಾರಿ ಬಂದು ನಿಂತಿತ್ತು. ಡ್ರೈವರು ಹಾರನ್ ಹೊಡೆಯುತ್ತಿದ್ದ. ಮ್ಯಾನೇಜರು ತಾವೇ ಡ್ರೈಯರ್ ಕೋಣೆಯ ಬಾಗಿಲಿಗೆ ಬಂದರು. ನಾನು ಲಾರಿಯ ಕಾಗದ ಹಿಡಿದು ಅವರ ಪಕ್ಕದಲ್ಲಿದ್ದೆ.

"ಏನಯ್ಯ, ಆಯ್ತಾ?"

ಡ್ರೈಯರಣ್ಣ ಒಂದು ಹಿಡಿ ತೆಗೆದು, ಆರಿಸಿ, ಮುಷ್ಟಿ ಕಟ್ಟಿ, ಅವರ ಮುಂದೆಯೇ ಬಿಚ್ಚಿದರು. ಪುಡಿ ಉಂಡೆಯಾಗಿ ಕೂತಿತ್ತು.

"ಹಸಿ ಐತೆ ಸಾರ್."

ಮ್ಯಾನೇಜರು ಹಲಗೆಯ ಕಡೆ ನೋಡಿದರು. ಸೂಪರ್‌ವೈಸರು ನೆಲ ನೋಡುತ್ತಿದ್ದರು. ಇಂಥ ಹೊತ್ತಿನಲ್ಲೇ ಹಿಂದೆ ಒಂದು 'ನಿರ್ಧಾರ' ತಾನಾಗಿಯೇ ಕೈಗೊಳ್ಳಲ್ಪಡುತ್ತಿತ್ತು. ಈಗ ತುಂಬಿಸಬೇಕೆಂದರೆ ಅಷ್ಟು ಜನರ ಮುಂದೆ ಅವರೇ ಬಾಯಿಬಿಟ್ಟು "ತುಂಬು" ಎನ್ನಬೇಕಿತ್ತು.

ಅನ್ನಲಿಲ್ಲ. ತಿರುಗಿ ಹೋದರು. ಡ್ರೈಯರಣ್ಣ ಪುಡಿಯನ್ನು ಮತ್ತೆ ಒಳಗೆ ಹಾಕಿ ಸ್ವಿಚ್ ಒತ್ತಿದರು.

ಸಂಜೆ ನನ್ನ ಮೇಜಿಗೆ ಮ್ಯಾನೇಜರ ಚೀಟಿ ಬಂತು, ಬಿಸ್ಕತ್ ಕಂಪನಿಗೆ ಕಳಿಸಲು: "ಅನಿವಾರ್ಯ ಕಾರಣಗಳಿಂದ ಸರಕು ಸಾಗಣೆಯಲ್ಲಿ ವಿಳಂಬ ಉಂಟಾಗಿರುತ್ತದೆ." ನಾನು ಟೈಪ್‌ರೈಟರಿಗೆ ಹಾಳೆ ತೂರಿಸಿ ಬೇರೆ ಬರೆದೆ. ಪುಡಿ ಹಸಿಯಿತ್ತು. ಡ್ರೈಯರ್‌ನವರು ಮತ್ತೆ ಒಣಗಿಸಿದರು. ಲಾರಿ ಕಾಯಿತು. ನಾಳೆ ಹೊರಡುತ್ತದೆ.

ಮ್ಯಾನೇಜರು ಬಹಳ ಹೊತ್ತು ಅದನ್ನು ಹಿಡಿದುಕೊಂಡಿದ್ದರು. ಕೆಂಪು ಪೆನ್ನು ಕೈಯಲ್ಲೇ ಇತ್ತು. ಆಮೇಲೆ ಅದನ್ನು ಜೇಬಿಗೆ ಸಿಕ್ಕಿಸಿ, ನೀಲಿ ಪೆನ್ನಿನಲ್ಲಿ ಸೈನ್ ಹಾಕಿದರು.